7% ಎಫ್‌ಡಿಯಲ್ಲಿ ಬೆಲೆಯೇರಿಕೆ, ತೆರಿಗೆ ಕಳೆದು ಉಳಿಯುವುದೆಷ್ಟು?

ಪ್ರಶ್ನೆ: ಉಡುಪಿಯ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂ. ಐದು ವರ್ಷಕ್ಕೆ ಇಡಬೇಕೆಂದಿದ್ದೇನೆ. ಬಡ್ಡಿ 7%, ಆದರೆ ಚೀಟಿಯಲ್ಲಿ ‘ಈಲ್ಡ್ 8.30%’ ಎಂದಿದೆ. ಹಣದುಬ್ಬರ 5% ಹಿಡಿದರೆ ನನಗೆ 3% ನಿಜವಾದ ಲಾಭ ಅಲ್ಲವೇ? ನಾನು 20% ತೆರಿಗೆ ಸ್ಲ್ಯಾಬಿನಲ್ಲಿದ್ದೇನೆ.

ಉತ್ತರ: ಇಲ್ಲ, ವರ್ಷಕ್ಕೆ ಸುಮಾರು 0.66% ಮಾತ್ರ.

ಮೊದಲು ಆ 8.30% ಅನ್ನು ಬದಿಗಿಡಿ. ಮೂರು ತಿಂಗಳಿಗೊಮ್ಮೆ ಬಡ್ಡಿ ಅಸಲಿಗೆ ಸೇರುತ್ತಾ ಹೋದರೆ ಐದು ವರ್ಷದ ಕೊನೆಗೆ ನಿಮಗೆ 7,07,389 ರೂ. ಸಿಗುತ್ತದೆ, ಅಂದರೆ ಬಡ್ಡಿ 2,07,389. ಇದನ್ನು ಐದರಿಂದ ಭಾಗಿಸಿ, 5 ಲಕ್ಷಕ್ಕೆ ಶೇಕಡಾವಾರು ಹಾಕಿದರೆ 8.30 ಬರುತ್ತದೆ. ಚಕ್ರಬಡ್ಡಿಯ ಫಲವನ್ನು ಸರಳಬಡ್ಡಿಯ ಹಾಗೆ ಹಂಚಿದ ಲೆಕ್ಕ ಇದು. ಅವಧಿ ಹತ್ತು ವರ್ಷವಾದರೆ ಬಡ್ಡಿದರ ಏರದೆಯೇ ಈ ಅಂಕಿ ಇನ್ನೂ ದೊಡ್ಡದಾಗಿ ಕಾಣುತ್ತದೆ. ವರ್ಷದ ನಿಜವಾದ ದರ 7.19%, ಲೆಕ್ಕ ಶುರುವಾಗಬೇಕಾದದ್ದು ಅಲ್ಲಿಂದ.

ಮುಂದಿನದು ತೆರಿಗೆ. 20% ಜೊತೆ 4% ಸೆಸ್ ಸೇರಿ ನಿಮ್ಮ ದರ 20.8%. ಮೊದಲ ವರ್ಷದ ಬಡ್ಡಿ ಸುಮಾರು 35,930 ರೂ., ಅದರ ಮೇಲೆ ತೆರಿಗೆ 7,473. ಕೈಯಲ್ಲಿ ಉಳಿಯುವ ದರ 5.69%. ಹೆಚ್ಚಿನವರು ಎಡವುವುದು ಇಲ್ಲೇ. 2025ರ ಏಪ್ರಿಲ್‌ನಿಂದ, ಹಿರಿಯ ನಾಗರಿಕರಲ್ಲದವರಿಗೆ ಒಂದು ಬ್ಯಾಂಕಿನ ವರ್ಷದ ಬಡ್ಡಿ 50,000 ದಾಟಿದರೆ ಮಾತ್ರ ಟಿಡಿಎಸ್ ಕಡಿತ. ನಿಮ್ಮದು ಅದಕ್ಕಿಂತ ಕಡಿಮೆ, ಹಾಗಾಗಿ ಬ್ಯಾಂಕ್ ಏನನ್ನೂ ಹಿಡಿಯುವುದಿಲ್ಲ. ಹಿಡಿದಿಲ್ಲ ಎಂದರೆ ತೆರಿಗೆ ಇಲ್ಲ ಎಂದಲ್ಲ, ರಿಟರ್ನ್ ಹಾಕುವಾಗ ನೀವೇ ಕಟ್ಟಬೇಕು. ಟಿಡಿಎಸ್ ಹಿಡಿದರೂ ಅದು 10% ಅಷ್ಟೇ, ಉಳಿದದ್ದು ನಿಮ್ಮ ಜೇಬಿನಿಂದಲೇ. ಹೀಗೆ ಜೇಬಿನಿಂದ ಹೋಗುವ ಹಣ ಎಫ್‌ಡಿ ಚೀಟಿಯಲ್ಲಿ ಎಲ್ಲೂ ಕಾಣುವುದಿಲ್ಲ, ಆದ್ದರಿಂದಲೇ 7,07,389 ಪೂರ್ತಿ ನಮ್ಮದೆಂದು ಅನಿಸುವುದು. ಬಡ್ಡಿ ಕೈಗೆ ಬರುವುದು ಐದನೇ ವರ್ಷವಾದರೂ ಆಯಾ ವರ್ಷ ಸೇರಿದ ಬಡ್ಡಿಯನ್ನು ಆಯಾ ವರ್ಷವೇ ತೋರಿಸಿ. ಎಲ್ಲವನ್ನೂ ಕೊನೆಗೆ ಒಟ್ಟಿಗೆ ತೋರಿಸಿದರೆ ಆ ಒಂದು ವರ್ಷ ಮೇಲಿನ ಸ್ಲ್ಯಾಬಿಗೆ ಜಿಗಿಯುವ ಅಪಾಯವಿದೆ.

ಕೊನೆಯದು ಹಣದುಬ್ಬರ. 5.69ರಿಂದ 5 ಕಳೆದರೆ 0.69, ಅಂದಾಜಿಗೆ ಸಾಕು. ಸರಿಯಾದ ಕ್ರಮ ಭಾಗಾಕಾರ: 1.0569 ÷ 1.05 = 1.0066. ತೆರಿಗೆ ಕಳೆದ ಮೇಲೆ ಐದು ವರ್ಷಕ್ಕೆ 5 ಲಕ್ಷ ಬೆಳೆಯುವುದು ಸುಮಾರು 6,59,400ಕ್ಕೆ. ಇವತ್ತಿನ ಬೆಲೆಯಲ್ಲಿ ಅದು 5,16,700. ಐದು ವರ್ಷ ಕಾದದ್ದಕ್ಕೆ ನಿಜವಾಗಿ ಸಿಕ್ಕಿದ್ದು ಹದಿನಾರು ಹದಿನೇಳು ಸಾವಿರ.

ಮೊದಲು ಹಣದುಬ್ಬರ ಕಳೆದು, ಉಳಿದ ಎರಡು ಚಿಲ್ಲರೆ ಶೇಕಡಾಕ್ಕೆ ಮಾತ್ರ ತೆರಿಗೆ ಹಾಕುವವರೂ ಇದ್ದಾರೆ. ಅದು ತಪ್ಪು. ಬಡ್ಡಿಯ ದೊಡ್ಡ ಪಾಲು ಬೆಲೆಯೇರಿಕೆಯನ್ನು ತುಂಬಿಕೊಡುವುದರಲ್ಲೇ ಮುಗಿಯುತ್ತದೆ, ಆದರೆ ತೆರಿಗೆ ಇಲಾಖೆ ಆ ಪಾಲನ್ನೂ ಆದಾಯವೆಂದೇ ಎಣಿಸುತ್ತದೆ. ನನ್ನ ಮಟ್ಟಿಗೆ ಎಫ್‌ಡಿಯ ನಿಜವಾದ ಪೆಟ್ಟು ಇದೇ, ಕಡಿಮೆ ಬಡ್ಡಿಯಲ್ಲ.

ಇನ್ನು ಆ 5%. ಸರ್ಕಾರದ ಗ್ರಾಹಕ ಬೆಲೆ ಸೂಚ್ಯಂಕ ಎಲ್ಲರ ಮನೆಯ ಸರಾಸರಿ, ನಿಮ್ಮ ಮನೆಯದ್ದಲ್ಲ. ಐದು ವರ್ಷ ಹಿಂದಿನ ಒಂದು ತಿಂಗಳ ಖರ್ಚಿನ ಪಟ್ಟಿ ಹುಡುಕಿ, ಅದೇ ಕುಚ್ಚಲಕ್ಕಿ, ಅದೇ ತೆಂಗಿನೆಣ್ಣೆ, ಅದೇ ಫೀಸು, ಅದೇ ಔಷಧಿ ಅಷ್ಟೇ ಪ್ರಮಾಣದಲ್ಲಿ ಇವತ್ತು ಎಷ್ಟಾಗುತ್ತದೆ ನೋಡಿ. ಆಗ 24,000 ಇದ್ದದ್ದು ಈಗ 31,000 ಆದರೆ ವರ್ಷಕ್ಕೆ ಸುಮಾರು 5.25% ಏರಿದಂತೆ. ಹೋಲಿಸುವ ತಿಂಗಳು ಎರಡೂ ಕಡೆ ಒಂದೇ ಇರಲಿ. ಜೂನ್, ಜುಲೈಯಲ್ಲಿ ಮಲ್ಪೆಯ ಬೋಟುಗಳು ದಡದಲ್ಲಿರುವಾಗ ಬಂಗುಡೆಗೆ ಕೊಟ್ಟ ದುಡ್ಡನ್ನು ಡಿಸೆಂಬರಿನ ಬೆಲೆಯೊಂದಿಗೆ ಇಟ್ಟರೆ ಲೆಕ್ಕ ಕೆಡುತ್ತದೆ. ಹೊಸ ಟಿವಿ, ಹೊಸ ಬೈಕಿನ ಕಂತನ್ನೂ ಸೇರಿಸಬೇಡಿ, ಅದು ಬೆಲೆ ಏರಿದ್ದಲ್ಲ, ಖರ್ಚು ಏರಿದ್ದು. ಹೀಗೆ ಬಂದ ನಿಮ್ಮ ಅಂಕಿ 5.69 ದಾಟಿದರೆ ಈ ಎಫ್‌ಡಿಯಲ್ಲಿ ಹಣ ಬೆಳೆಯುವಂತೆ ಕಂಡರೂ ಕರಗುತ್ತಿರುತ್ತದೆ.

ಮೊಬೈಲಿನ ಸ್ಪ್ರೆಡ್‌ಶೀಟಿನಲ್ಲಿ ಇದಿಷ್ಟನ್ನೂ ಒಂದೇ ಸಾಲಿನಲ್ಲಿ ಹಾಕಬಹುದು:

```
=(1+((1+7%/4)^4-1)*(1-20.8%))/(1+5%)-1
```

20.8 ಇರುವಲ್ಲಿ 31.2 ಹಾಕಿ ನೋಡಿ, 30% ಸ್ಲ್ಯಾಬಿನವರಿಗೆ ಉತ್ತರ ಸೊನ್ನೆಗಿಂತ ಕೂದಲೆಳೆಯಷ್ಟು ಕೆಳಗೆ, −0.05%. ತೆರಿಗೆಯೇ ಬಾರದವರಿಗೆ ಅದೇ ಎಫ್‌ಡಿ 2.08% ಕೊಡುತ್ತದೆ. ಹಾಗೆಂದು ನಿಮ್ಮ ಹಣವನ್ನು ಹೆಂಡತಿಯ ಹೆಸರಿಗೆ ಮಾಡಿ ಅಲ್ಲಿ ಇಟ್ಟರೆ ಪ್ರಯೋಜನವಿಲ್ಲ, ಆ ಬಡ್ಡಿ ನಿಮ್ಮ ಆದಾಯಕ್ಕೇ ಬಂದು ಸೇರುತ್ತದೆ.