ಬಯೋದ ಮೂರು ಸಾಲು

ನನ್ನ ಬಳಿ ಆಪ್ತಸಮಾಲೋಚನೆಗೆ ಬರುವ ಅನಿತಾ ಅವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಹೆಸರು ನಿಜವಲ್ಲ, ಊರು ಹೇಳುವುದಿಲ್ಲ. ಅವರು ಇನ್‌ಸ್ಟಾಗ್ರಾಮ್‌ನಲ್ಲಿ ಬರೆದುಕೊಂಡಿದ್ದ ಸಾಲುಗಳ ಅರ್ಥ ಉಳಿಸಿ ಪದ ಬದಲಿಸಿದ್ದೇನೆ. ಇದ್ದಂತೆಯೇ ಕೊಟ್ಟರೆ ಹುಡುಕುವವರಿಗೆ ಎರಡು ನಿಮಿಷದ ಕೆಲಸ.

ಅವರಿಗೆ 29 ವರ್ಷ. ಹತ್ತನೇ ತರಗತಿಯ ಮಕ್ಕಳಿಗೆ ಮನೆಯಲ್ಲೇ ಗಣಿತದ ಟ್ಯೂಷನ್ ಹೇಳುತ್ತಾರೆ, ಅದರ ತುಣುಕುಗಳನ್ನು ರೀಲ್ಸ್ ಮಾಡಿ ಹಾಕುತ್ತಾರೆ. ಥೇಲ್ಸ್ ಪ್ರಮೇಯವನ್ನು ಅವರು ಹೇಳಿಕೊಡುವುದನ್ನು ನಾನೂ ನೋಡಿದೆ. ನನಗೆ ಹೈಸ್ಕೂಲಿನಲ್ಲಿ ಅರ್ಥವಾಗದೆ ಉಳಿದದ್ದು ಆವತ್ತು ಅರ್ಥವಾಯಿತು. ಆದರೆ ಅವರ ಬಯೋ ಹೀಗಿತ್ತು:

ಲೆಕ್ಕದಲ್ಲಿ ವೀಕು, ಅದಕ್ಕೇ ಟೀಚರ್ ಆದೆ
ನಾನು ನಿಂತರೆ ಬೋರ್ಡೇ ಕಾಣಲ್ಲ
29 ಆಯ್ತು, ಇನ್ನೂ ಯಾರೂ ಒಪ್ಪಿಲ್ಲ

ಇದು ಶುರುವಾದದ್ದು ಎರಡು ವರ್ಷದ ಹಿಂದೆ. ಯಾರೋ ಒಬ್ಬ ಅವರ ಮೈಕಟ್ಟಿನ ಬಗ್ಗೆ ಹೊಲಸಾಗಿ ಕಾಮೆಂಟ್ ಹಾಕಿದ್ದ. ಇವರು ತಕ್ಷಣ, "ಸರಿ ಸರ್, ನಾಳೆ ದೊಡ್ಡ ಬೋರ್ಡ್ ತರ್ತೀನಿ" ಎಂದು ಉತ್ತರಿಸಿದರು. ಅದಕ್ಕೆ ನೂರಾರು ಲೈಕ್ ಬಂತು, ಅವನು ಕಾಮೆಂಟ್ ಅಳಿಸಿ ಓಡಿದ. "ಅವತ್ತು ಗೆದ್ದೆ ಅನ್ನಿಸ್ತು ಮೇಡಂ. ಬೇರೆಯವರು ಹೊಡೆಯೋಕೆ ಮೊದ್ಲು ನಾನೇ ಹೊಡ್ಕೊಂಡ್ರೆ ನೋವು ಕಮ್ಮಿ ಅಲ್ವಾ?"

ಅವತ್ತು ಅವರು ಗೆದ್ದದ್ದು ನಿಜ, ಅದನ್ನು ನಾನು ಅಲ್ಲಗಳೆಯಲಿಲ್ಲ. ಚುಚ್ಚುವವನಿಗೆ ಬೇಕಾದದ್ದು ನಮ್ಮ ಮುಖ ಬಾಡುವುದು, ಅದು ಸಿಗದಿದ್ದರೆ ಅವನಿಗೆ ಆಟ ಸಪ್ಪೆ. ತೊಡಕಾದದ್ದು, ಒಬ್ಬನಿಗೆ ಕೊಟ್ಟ ಆ ಉತ್ತರ ಎಲ್ಲರಿಗೂ ಕಾಣುವ ಬಾಗಿಲ ಬೋರ್ಡಾದಾಗ.

ಅವರು ನನ್ನ ಬಳಿಗೆ ಬಂದದ್ದು ಎರಡು ಘಟನೆಗಳ ನಂತರ. ಮಗನನ್ನು ಸೇರಿಸಲು ಬಂದಿದ್ದ ತಂದೆಯೊಬ್ಬರು ಅರ್ಧ ನಗುತ್ತ, "ನೀವೇ ವೀಕು ಅಂತ ಹಾಕ್ಕೊಂಡಿದ್ದೀರಲ್ಲ ಮೇಡಂ" ಎಂದು ಹೇಳಿ ಹೋದವರು ಮತ್ತೆ ಬರಲಿಲ್ಲ. ಅದೇ ವಾರ ಕ್ಲಾಸಿನಲ್ಲಿ ಹುಡುಗನೊಬ್ಬ, "ಮಿಸ್, ಬೋರ್ಡ್ ಕಾಣ್ತಿಲ್ಲ" ಎಂದ. ಎಲ್ಲರೂ ನಕ್ಕರು, ಅನಿತಾ ಕೂಡ ನಕ್ಕರು. ರಾತ್ರಿ ನಿದ್ದೆ ಬರಲಿಲ್ಲ. "ಅವನನ್ನ ಬೈಯೋ ಹಾಗೂ ಇಲ್ಲ, ನಾನೇ ಹೇಳ್ಕೊಟ್ಟ ಮಾತು" ಎಂದರು.

ಮೊದಲ ಭೇಟಿಯಲ್ಲಿ ನಾನು ಅವರಿಗೆ ಒಂದು ಹಳೆಯ ಪ್ರಯೋಗದ ಕಥೆ ಹೇಳಿದೆ. 1966ರಲ್ಲಿ ಎಲಿಯಟ್ ಆರನ್‌ಸನ್ ಮತ್ತು ಜೊತೆಗಾರರು ಅಮೆರಿಕದಲ್ಲಿ ಮಾಡಿದ್ದು. ರಸಪ್ರಶ್ನೆಗೆ ಉತ್ತರಿಸುವವನೊಬ್ಬನ ಧ್ವನಿಮುದ್ರಣವನ್ನು ವಿದ್ಯಾರ್ಥಿಗಳಿಗೆ ಕೇಳಿಸಿದರು. ಕೆಲವರಿಗೆ ಹೆಚ್ಚುಕಡಿಮೆ ಎಲ್ಲಕ್ಕೂ ಸರಿ ಉತ್ತರ ಕೊಟ್ಟ ಜಾಣನ ಧ್ವನಿ, ಕೆಲವರಿಗೆ ಬಹಳಷ್ಟು ತಪ್ಪಿದವನದು. ಕೆಲವು ಮುದ್ರಣಗಳ ಕೊನೆಯಲ್ಲಿ ಅವನು ಕಾಫಿ ಚೆಲ್ಲಿಕೊಂಡು ಪೇಚಾಡುವ ಸದ್ದೂ ಇತ್ತು. ಕಾಫಿ ಚೆಲ್ಲಿಕೊಂಡ ಜಾಣ ಕೇಳುಗರಿಗೆ ಇನ್ನಷ್ಟು ಇಷ್ಟವಾದ. ಸಾಧಾರಣದವನು ಚೆಲ್ಲಿಕೊಂಡಾಗ ಮೊದಲಿದ್ದ ಇಷ್ಟವೂ ಇಳಿಯಿತು.

ಕ್ಲಾಸಿನಲ್ಲಿ ನಲವತ್ತು ನಿಮಿಷ ಚೆನ್ನಾಗಿ ಪಾಠ ಮಾಡಿ, ಕೊನೆಗೆ "ನನಗೂ ಲೆಕ್ಕ ಬರಲ್ಲ ಕಣ್ರೋ" ಎಂದರೆ ಮಕ್ಕಳಿಗೆ ಅದು ಮುದ್ದಾಗಿ ಕೇಳುತ್ತದೆ. ಪ್ರೊಫೈಲಿನಲ್ಲಿ ಈ ಕ್ರಮವೇ ತಲೆಕೆಳಗು. ಅಲ್ಲಿಗೆ ಬಂದವರು ರೀಲ್ಸ್ ಒತ್ತುವ ಮೊದಲು ಬಯೋ ಓದುತ್ತಾರೆ, ಜಾಣ್ಮೆ ಕಾಣುವ ಮುನ್ನವೇ ಕಾಫಿ ಚೆಲ್ಲಿರುತ್ತದೆ. ಆ ತಂದೆ ಹೋದದ್ದು ದುಷ್ಟತನದಿಂದಲ್ಲ, ಓದಿದ್ದನ್ನು ನಂಬಿ.

ಎರಡನೇ ಭೇಟಿಗೆ ಒಂದು ಕೆಲಸ ಕೊಟ್ಟಿದ್ದೆ. ಹಿಂದಿನ ಮೂರು ವಾರದಲ್ಲಿ ತಮ್ಮನ್ನೇ ಆಡಿಕೊಂಡು ಹಾಕಿದ ಪ್ರತಿ ಪೋಸ್ಟನ್ನೂ ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಎದುರಿಗೆ ಹಾಕಿದ ಸಮಯ, ಅದಕ್ಕೆ ಹಿಂದಿನ ಒಂದು ಗಂಟೆಯಲ್ಲಿ ಏನಾಗಿತ್ತು ಎಂಬುದು. ಹೆಚ್ಚಿನವು ರಾತ್ರಿ ಹತ್ತರ ಮೇಲಿನವು, ಅದೂ ಅಮ್ಮ ಫೋನ್ ಮಾಡಿ ಗಂಡಿನ ವಿಷಯ ಎತ್ತಿದ ದಿನಗಳವು. ಟ್ರೋಲ್ ಮಾಡುವವರ ಬಾಯಿ ಮುಚ್ಚಿಸಲು ಎಂದು ಅವರು ತಿಳಿದಿದ್ದರು, ಆದರೆ ಆ ದಿನಗಳಲ್ಲಿ ಯಾರೂ ಏನೂ ಅಂದಿರಲಿಲ್ಲ.

ಆಮೇಲೆ ಬಯೋದ ಮೂರು ಸಾಲುಗಳನ್ನು ನಿಧಾನವಾಗಿ, ನಗದೆ, ಗಟ್ಟಿಯಾಗಿ ಓದಲು ಹೇಳಿದೆ. ಇದು ಸಣ್ಣ ಉಪಾಯ, ಆದರೆ ನನಗೆ ಬಹಳ ಸಲ ನೆರವಾಗಿದೆ. ಮಾಗಿದ ಗಾಯದ ಮೇಲಿನ ಹಾಸ್ಯವನ್ನು ನಗದೆ ಓದಿದರೂ ಗಂಟಲು ಕಟ್ಟುವುದಿಲ್ಲ. ಮೊದಲ ಸಾಲನ್ನು ಅವರು ಸರಾಗವಾಗಿ ಓದಿದರು. ಎರಡನೆಯದಕ್ಕೆ ಧ್ವನಿ ತಗ್ಗಿತು. ಮೂರನೆಯದು ಅರ್ಧಕ್ಕೇ ನಿಂತಿತು. "ಇದನ್ನ ಮೊದ್ಲು ಹೇಳಿದ್ದು ಯಾರು?" ಎಂದೆ. ಚಿಕ್ಕಪ್ಪನ ಮಗಳ ಮದುವೆಯ ಊಟದ ಪಂಕ್ತಿಯಲ್ಲಿ ಅವರ ಸೋದರತ್ತೆ ಎಲ್ಲರೆದುರು ಹೇಳಿದ ಮಾತಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ನನ್ನ ಜೋಕೇ ಅಲ್ಲ ಮೇಡಂ, ಅತ್ತೇದು" ಎಂದರು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಆ ಉತ್ಸಾಹದಲ್ಲಿ ಮೂರೂ ಸಾಲು ತೆಗೆದುಬಿಡಿ ಎಂದೆ. ಅವರು ತೆಗೆದು, "ಆತ್ಮವಿಶ್ವಾಸವೇ ನನ್ನ ಆಭರಣ" ಎಂದು ಹಾಕಿದರು. ಮಕ್ಕಳು ಮರುದಿನವೇ "ಮಿಸ್, ನಿಮ್ಮ ಅಕೌಂಟ್ ಹ್ಯಾಕ್ ಆಗಿದೆಯಾ?" ಎಂದು ಕೇಳಿದರು. ಹಾಸ್ಯ ಅವರ ಸ್ವಭಾವದಲ್ಲೇ ಇರುವುದು, ಅದನ್ನು ಕಿತ್ತುಹಾಕಲು ಹೇಳಿದ್ದು ನನ್ನ ಅವಸರ.

ಮೂರನೇ ಭೇಟಿಯಲ್ಲಿ ಸಲಹೆ ತಿದ್ದಿಕೊಂಡೆ. ನಗಿಸಿ, ಆದರೆ ನೀವು ಎಂಥವರು ಎನ್ನುವುದನ್ನು ಬಿಟ್ಟು ನೀವು ಮಾಡಿದ ಒಂದು ಎಡವಟ್ಟನ್ನು ಹೇಳಿ ನಗಿಸಿ. "ನಾನು ಲೆಕ್ಕದಲ್ಲಿ ವೀಕು" ಎಂಬ ಮಾತಿಗೆ ಕೊನೆಯಿಲ್ಲ, ಯಾರು ಬೇಕಾದರೂ ಯಾವಾಗ ಬೇಕಾದರೂ ಎತ್ತಿಕೊಳ್ಳಬಹುದು. "ನಿನ್ನೆ ಬೋರ್ಡ್ ಮೇಲೆ ಏಳೆಂಟಲೆ ಐವತ್ತನಾಲ್ಕು ಅಂತ ಬರೆದೆ, ಹಿಂದಿನ ಬೆಂಚಿನವನು ಹಿಡಿದ" ಎಂಬುದು ನಿನ್ನೆಗೇ ಮುಗಿದ ಕಥೆ. ತಪ್ಪನ್ನು ತಾನೇ ಹೇಳುವಷ್ಟು ಧೈರ್ಯ ಇದೆ ಎಂಬುದೂ ಅದರಲ್ಲಿ ತಾನಾಗಿ ಕಾಣುತ್ತದೆ. ಮೈ ಮತ್ತು ಮದುವೆಯ ವಿಷಯದ ಜೋಕುಗಳನ್ನು ಮಾತ್ರ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಒಂದು ರಾತ್ರಿ ಕಳೆಯಲಿ, ಬೆಳಗ್ಗೆಯೂ ನಗು ಬಂದರೆ ಹಾಕಿ ಎಂದೆ.

ಕಾಮೆಂಟುಗಳಿಗೆ ಜೋಕಿನ ಕಾವಲು ಬೇಕಿಲ್ಲ, ಅದಕ್ಕೆ ಆ್ಯಪ್‌ನಲ್ಲೇ ದಾರಿ ಇದೆ. Restrict ಮಾಡಿದವನ ಕಾಮೆಂಟ್ ನಾವು ಒಪ್ಪುವವರೆಗೆ ಅವನಿಗೆ ಮಾತ್ರ ಕಾಣುತ್ತದೆ, ತಡೆದದ್ದು ಅವನಿಗೆ ತಿಳಿಯುವುದಿಲ್ಲ. ನಾವು ಕೊಟ್ಟ ಪದಗಳಿರುವ ಕಾಮೆಂಟನ್ನು ಮರೆಮಾಡುವ Hidden Words ಪಟ್ಟಿಗೆ ಬೈಗುಳಗಳನ್ನು ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಎರಡೆರಡು ಬಗೆಯಾಗಿ ಸೇರಿಸಿಕೊಂಡೆವು. ಪಟ್ಟಿ ಬರೆಯುವಾಗ ಇಬ್ಬರೂ ತುಂಬ ನಕ್ಕೆವು, ಬೈಗುಳದ ಕಾಗುಣಿತದಲ್ಲಿ ನಾನೇ ವೀಕು.

ಎಲ್ಲರಿಗೂ ಇದೇ ಸಲಹೆ ಸಾಲದು. ಜೋಕಿನ ವಿಷಯ "ಸತ್ತರೆ ಯಾರಿಗೂ ನಷ್ಟವಿಲ್ಲ" ಎಂಬ ಕಡೆಗೆ ಹೊರಳಿದ್ದರೆ ಪದ ತಿದ್ದುತ್ತ ಕೂರಬಾರದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಬೇಕು, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಜೊತೆಯಲ್ಲಿ ಕೂತು ಕರೆ ಮಾಡಬೇಕು. ಅನಿತಾ ಅವರನ್ನು ಮೊದಲ ದಿನವೇ ಕೇಳಿದ್ದೆ. ಅಂಥದ್ದು ಇರಲಿಲ್ಲ.

ಆರನೇ ಭೇಟಿಗೆ ಬಂದಾಗ ಫೋನ್ ತೋರಿಸಿದರು. "ಹತ್ತನೇ ತರಗತಿ ಗಣಿತ. ಪ್ರಮೇಯ ಎರಡು ಸಲ ಹೇಳ್ತೀನಿ, ಮೂರನೇ ಸಲ ನೀವು ಹೇಳ್ಬೇಕು. ದಿನಕ್ಕೆ ನಾಲ್ಕು ಸೀಮೆಸುಣ್ಣ ಮುರೀತೀನಿ." ಬೋರ್ಡಿನ ಜೋಕ್ ರೀಲ್ಸಿನಲ್ಲಿ ಆಗಾಗ ಇಣುಕುತ್ತದೆ, ಅದನ್ನು ಬಿಡಲು ಅವರಿಗೆ ಮನಸ್ಸಿಲ್ಲ, ನಾನೂ ಒತ್ತಾಯಿಸಿಲ್ಲ. ಮುಂದಿನ ತಿಂಗಳು ಇನ್ನೊಂದು ಮದುವೆ ಇದೆಯಂತೆ, ಸೋದರತ್ತೆಯೂ ಬರುತ್ತಾರೆ. ಈಗಿನ ಭೇಟಿಗಳಲ್ಲಿ ನಾವು ಮಾತಾಡುತ್ತಿರುವುದು ಆ ಊಟದ ಪಂಕ್ತಿಯ ಬಗ್ಗೆಯೇ.