ಬೋರ್ಡಿಂಗ್ ಪಾಸ್‌ನಲ್ಲಿ ವರ್ಷವೇ ಅಚ್ಚಾಗಿಲ್ಲ, ಪತ್ತೆ ಮಾಡೋದು ಹೇಗೆ?

ಪ್ರಶ್ನೆ: ವೀಸಾ ಅರ್ಜಿಗೆ ಹಳೆಯ ಪ್ರಯಾಣದ ತಾರೀಖು ಬೇಕು. ನನ್ನ ಹತ್ತಿರ ಇರೋದು ಮಾಸಿದ ಒಂದು ಬೋರ್ಡಿಂಗ್ ಪಾಸ್. ಚುಕ್ಕಿ ಚುಕ್ಕಿ ಅಕ್ಷರದಲ್ಲಿ ಮಾರ್ಚ್ 15 ಅಂತ ಇದೆಯೋ 16 ಅಂತ ಇದೆಯೋ ಗೊತ್ತಾಗ್ತಿಲ್ಲ, ವರ್ಷವಂತೂ ಅಚ್ಚೇ ಆಗಿಲ್ಲ. ಇದೇ ದಾರಿಯಲ್ಲಿ ಬೇರೆ ಬೇರೆ ವರ್ಷ ಮಾರ್ಚ್‌ನಲ್ಲೇ ಹೋಗಿದ್ದೇನೆ. ಬಾರ್‌ಕೋಡ್ ಮಾತ್ರ ಚೆನ್ನಾಗಿದೆ. ಏನಾದರೂ ದಾರಿ ಇದೆಯೇ?

ಉತ್ತರ: ಬಾರ್‌ಕೋಡ್ ಉಳಿದಿದ್ದರೆ ಮುಕ್ಕಾಲು ಪಾಲು ಕೆಲಸ ಆದಂತೆಯೇ. ಉಳಿದ ಕಾಲು ಪಾಲಿಗೆ ಆ ಮಾಸಿದ ಅಂಕಿಯೇ ಬೇಕಾಗುತ್ತದೆ.

ಪಾಸ್ ಮೇಲಿನ ಅಗಲವಾದ ಬಾರ್‌ಕೋಡನ್ನು ಪಿಡಿಎಫ್417 ಎನ್ನುತ್ತಾರೆ. ತಪ್ಪು ತಿದ್ದಿಕೊಳ್ಳಲು ಬೇಕಾದ ಹೆಚ್ಚುವರಿ ಮಾಹಿತಿಯನ್ನೂ ಅದರಲ್ಲೇ ತುಂಬಿರುತ್ತಾರೆ, ಹಾಗಾಗಿ ಅಲ್ಲಲ್ಲಿ ಮಾಸಿದ್ದರೂ ಓದಲು ಬರುತ್ತದೆ. ಪಾಸನ್ನು ಸಮತಟ್ಟಾಗಿ ಇಟ್ಟು, ಮಡಿಕೆ ಬಿಡಿಸಿ, ನೆರಳು ಬೀಳದ ಹಗಲು ಬೆಳಕಿನಲ್ಲಿ ಫೋಟೊ ತೆಗೆಯಿರಿ. ಎಡ ಬಲ ತುದಿಗಳ ದಪ್ಪ ಗೆರೆಗಳು ಪೂರ್ತಿ ಚಿತ್ರದೊಳಗೆ ಬಂದಿರಬೇಕು. ಓದಲು ಫೋನಿನಲ್ಲೇ, ಇಂಟರ್ನೆಟ್ ಇಲ್ಲದೆ ಕೆಲಸ ಮಾಡುವ ಸ್ಕ್ಯಾನರ್ ಆ್ಯಪ್ ಬಳಸಿ. ಇದರಲ್ಲಿ ನಿಮ್ಮ ಹೆಸರು, ಪಿಎನ್‌ಆರ್, ಎಷ್ಟೋ ಸಲ ಟಿಕೆಟ್ ನಂಬರ್ ಮತ್ತು ಸದಸ್ಯತ್ವದ ನಂಬರ್ ಕೂಡ ಇರುತ್ತವೆ. ಯಾವುದೋ ವೆಬ್‌ಸೈಟಿಗೆ ಅಪ್‌ಲೋಡ್ ಮಾಡುವಂಥದ್ದಲ್ಲ.

ಸ್ಕ್ಯಾನ್ ಮಾಡಿದಾಗ ಹೀಗೊಂದು ಸಾಲು ಬರುತ್ತದೆ. ಇದು ಮಾದರಿ ಮಾತ್ರ, ಬಾಲವನ್ನು ಕತ್ತರಿಸಿದ್ದೇನೆ:

```
M1SURNAME/GIVEN       EABC123 FRASINXX 0778 075Y024C0067 14D>3181OO4074BXX
```

ಮೊದಲ 60 ಅಕ್ಷರಗಳ ಜಾಗ ಎಲ್ಲ ವಿಮಾನ ಕಂಪನಿಗಳಿಗೂ ಒಂದೇ. ಹೆಸರಿಗೆ 20 ಅಕ್ಷರ, ಪಿಎನ್‌ಆರ್‌ಗೆ 7, ಹೊರಡುವ ಮತ್ತು ತಲುಪುವ ನಿಲ್ದಾಣಕ್ಕೆ ಮೂರು ಮೂರು, ಕಂಪನಿಗೆ 3, ವಿಮಾನದ ನಂಬರಿಗೆ 5. ಹೆಸರು ಚಿಕ್ಕದಾದರೆ ಉಳಿದ ಜಾಗಕ್ಕೆ ಖಾಲಿ ತುಂಬುತ್ತಾರೆ. ವಿಮಾನದ ನಂಬರ್ ಆದಮೇಲೆ, 45ರಿಂದ 47ನೇ ಜಾಗದಲ್ಲಿರುವ ಮೂರಂಕಿಯೇ ಪ್ರಯಾಣದ ದಿನ. ಇಲ್ಲಿ ಅದು `075`. ಅದರ ಬೆನ್ನಿಗೇ ದರ್ಜೆಯ ಅಕ್ಷರ `Y`, ಸೀಟು `024C`.

ಎಡವುವುದು ಎಣಿಕೆಯಲ್ಲಿ. ಕೆಲವು ಆ್ಯಪ್‌ಗಳು ಹೆಸರಿನ ಮುಂದಿನ ಏಳೆಂಟು ಖಾಲಿಗಳನ್ನು ಒಂದೇ ಖಾಲಿಯಾಗಿ ತೋರಿಸುತ್ತವೆ. ಆಗ 45ನೇ ಜಾಗಕ್ಕೆ ಹೋದರೆ ಸೀಟಿನ ನಂಬರೋ ಇನ್ನೇನೋ ಸಿಗುತ್ತದೆ. ಅದಕ್ಕೇ ಎಣಿಸುವ ಬದಲು ನಾಲ್ಕಂಕಿಯ ವಿಮಾನ ನಂಬರ್ ಹುಡುಕಿ, ಅದರ ಮುಂದಿನ ಮೂರಂಕಿಗೆ ಒಂದು ಅಕ್ಷರ ಅಂಟಿಕೊಂಡಿದೆಯೇ ಎಂದು ನೋಡುವುದು ಸುರಕ್ಷಿತ.

ಈ `075` ಎಂದರೆ ವರ್ಷದ 75ನೇ ದಿನ. ಈ ವ್ಯವಹಾರದಲ್ಲಿ ಇದನ್ನು ಜೂಲಿಯನ್ ದಿನಾಂಕ ಎನ್ನುವುದು ರೂಢಿ. ಹಳೆಯ ಜೂಲಿಯನ್ ಪಂಚಾಂಗಕ್ಕೂ ಇದಕ್ಕೂ ಸಂಬಂಧವಿಲ್ಲ. ಸಾಮಾನ್ಯ ವರ್ಷದಲ್ಲಿ ಫೆಬ್ರವರಿ ಮುಗಿಯುವ ಹೊತ್ತಿಗೆ 59 ದಿನ ಆಗಿರುತ್ತದೆ, ಆದ್ದರಿಂದ 75ನೇ ದಿನ ಮಾರ್ಚ್ 16. ಅಧಿಕ ವರ್ಷದಲ್ಲಿ 60 ದಿನ ಆಗಿರುತ್ತದೆ, ಆಗ ಅದು ಮಾರ್ಚ್ 15. ನಿಮ್ಮ 15 ಮತ್ತು 16ರ ಗೊಂದಲ ಬರಿಯ ಮಸುಕಿನದ್ದಲ್ಲ, ವರ್ಷದ ಗುಟ್ಟು ಅದರಲ್ಲೇ ಇದೆ.

ಈಗ `>` ಚಿಹ್ನೆ ಹುಡುಕಿ. ಅದಾದಮೇಲೆ ಆರು ಅಕ್ಷರ ಬಿಟ್ಟು ನಂತರದ ನಾಲ್ಕನ್ನು ತೆಗೆದುಕೊಳ್ಳಿ. ಮಾದರಿಯಲ್ಲಿ `318100` ಅಲ್ಲ, `3181OO`. ಕೊನೆಯ ಎರಡು ಸೊನ್ನೆಗಳಲ್ಲ, ಇಂಗ್ಲಿಷ್ ಅಕ್ಷರ. ಅವುಗಳ ನಂತರದ `4074` ಪಾಸ್ ಕೊಟ್ಟ ದಿನ. ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಉಳಿದ ಮೂರು ದಿನದ ಸಂಖ್ಯೆ. ಅಂದರೆ 4ರಲ್ಲಿ ಕೊನೆಯಾಗುವ ವರ್ಷದ 74ನೇ ದಿನ ಚೆಕ್‌ಇನ್ ಆಗಿ, ಮರುದಿನ ವಿಮಾನ ಹತ್ತಿದ್ದಾರೆ. ದಶಕವನ್ನು ಮಾತ್ರ ಬಾರ್‌ಕೋಡ್ ಹೇಳುವುದಿಲ್ಲ, 2014 ಇರಬಹುದು, 2024 ಇರಬಹುದು. 2014 ಸಾಮಾನ್ಯ ವರ್ಷ, 2024 ಅಧಿಕ ವರ್ಷ. ಹಾಗಾಗಿ ಪಾಸ್ ಮೇಲೆ 16 ಇದ್ದರೆ 2014, 15 ಇದ್ದರೆ 2024.

ಸಮ ಅಂಕಿಯಲ್ಲಿ ಕೊನೆಯಾಗುವ, ಹತ್ತು ವರ್ಷ ಅಂತರದ ಯಾವ ಎರಡು ವರ್ಷ ತೆಗೆದುಕೊಂಡರೂ ಈಚಿನ ದಶಕಗಳಲ್ಲಿ ಒಂದು ಅಧಿಕ, ಇನ್ನೊಂದು ಸಾಮಾನ್ಯ. ಬೆಸ ಅಂಕಿಯಾದರೆ ಈ ಉಪಾಯ ನಡೆಯದು, ಎರಡೂ ಸಾಮಾನ್ಯ ವರ್ಷಗಳೇ. ಜನವರಿ, ಫೆಬ್ರವರಿಯ ಪ್ರಯಾಣಕ್ಕೂ ನಡೆಯದು, ಫೆಬ್ರವರಿ 29ರ ನಂತರವೇ ಲೆಕ್ಕ ಕವಲಾಗುವುದು.

ಇನ್ನು ಆ ಅಂಕಿ. ಭೂತಗನ್ನಡಿ ಹಿಡಿದು ಅದರ ಮೇಲಿನ ಎರಡು ಮೂಲೆಗಳನ್ನು ನೋಡಿ. ಅಗಲಕ್ಕೆ ಐದು, ಎತ್ತರಕ್ಕೆ ಏಳು ಚುಕ್ಕಿಯ ಸಾಮಾನ್ಯ ಅಚ್ಚಿನಲ್ಲಿ 5ರ ತಲೆ ಮೂಲೆಯಿಂದ ಮೂಲೆಗೆ ನೇರ ಪಟ್ಟಿ. 6ರ ತಲೆ ಬಾಗಿರುತ್ತದೆ, ಮೂಲೆಗಳಲ್ಲಿ ಚುಕ್ಕಿ ಇರುವುದಿಲ್ಲ. ಜನ ಸಾಮಾನ್ಯವಾಗಿ ಕೆಳಗಿನ ಎಡಬದಿ ನೋಡುತ್ತಾರೆ: ಅಲ್ಲಿ ಮುಚ್ಚಿದ್ದರೆ 6, ತೆರೆದಿದ್ದರೆ 5 ಎಂದು. ಮೋಸ ಹೋಗುವುದು ಅಲ್ಲೇ. ಪ್ರಿಂಟರಿನ ಒಂದು ಪಿನ್ ಮುರಿದಿದ್ದರೆ, ಅಥವಾ ಥರ್ಮಲ್ ಪ್ರಿಂಟರಿನಲ್ಲಿ ಒಂದು ಬಿಂದು ಬಿಸಿಯಾಗದಿದ್ದರೆ, ಅಲ್ಲಿ ಚುಕ್ಕಿ ಬೀಳದೆ 6 ಬಾಯಿ ತೆರೆದು 5ರ ಹಾಗೆ ಕಾಣುತ್ತದೆ. ಅದೇ ಸಾಲಿನ ಬೇರೆ ಅಕ್ಷರಗಳಲ್ಲೂ ಅದೇ ಎತ್ತರದಲ್ಲಿ ಬಿಳಿ ಗೆರೆ ಹಾದುಹೋಗಿದ್ದರೆ ದೋಷ ಪ್ರಿಂಟರಿನದ್ದು, ಆ ಖಾಲಿಯನ್ನು ನಂಬಬೇಡಿ. ಮಸುಕು ಬರೀ ಆ ಅಂಕಿಯಲ್ಲೇ ಇದ್ದರೆ ಉಜ್ಜಿಯೋ ಒದ್ದೆಯಾಗಿಯೋ ಹೋಗಿರಬೇಕು.

ಅಚ್ಚು ಹಳದಿ ಕಲೆಯಾಗಿ ಉಳಿದಿದ್ದರೆ, ಫೋಟೊ ತಿದ್ದುವ ತಂತ್ರಾಂಶದಲ್ಲಿ ನೀಲಿ ಚಾನೆಲ್ ಮಾತ್ರ ಇಟ್ಟು ಕಾಂಟ್ರಾಸ್ಟ್ ಏರಿಸಿ, ಹಳದಿ ಅಲ್ಲಿ ಕಪ್ಪಾಗಿ ಕಾಣುತ್ತದೆ. ಇಸ್ತ್ರಿ ಪೆಟ್ಟಿಗೆಯ ಶಾಖ ತೋರಿಸಬೇಡಿ, ಥರ್ಮಲ್ ಕಾಗದ ಇಡೀ ಕಪ್ಪಾಗಿಬಿಡುತ್ತದೆ. ಬಿಸಿ ಲ್ಯಾಮಿನೇಶನ್ನೂ ಅಷ್ಟೇ.

ಎರಡು ಕಡೆ ಎಚ್ಚರ ಬೇಕು. ಡಿಸೆಂಬರ್ 31ಕ್ಕೆ ಚೆಕ್‌ಇನ್ ಮಾಡಿ ಜನವರಿ 1ಕ್ಕೆ ಹಾರಿದ್ದರೆ ಪ್ರಯಾಣದ ದಿನ `001`, ಪಾಸ್ ಕೊಟ್ಟ ದಿನ `3365` ಎಂದಿರುತ್ತದೆ. ಆಗ ಪ್ರಯಾಣದ ವರ್ಷ ತಿಳಿಯಲು ಪಾಸ್ ಕೊಟ್ಟ ವರ್ಷಕ್ಕೆ ಒಂದು ಕೂಡಿಸಬೇಕು. ಇನ್ನೊಂದು, ಬಾರ್‌ಕೋಡಿನ ತಾರೀಖು ಹೊರಡುವ ಊರಿನದ್ದು. ರಾತ್ರಿ ವಿಮಾನವಾದರೆ ಪಾಸ್‌ಪೋರ್ಟಿನ ಪ್ರವೇಶ ಮುದ್ರೆ ಮರುದಿನದ್ದಾಗಿರುತ್ತದೆ. ಅರ್ಜಿಯಲ್ಲಿ ದೇಶ ಪ್ರವೇಶಿಸಿದ ದಿನ ಕೇಳಿದ್ದರೆ ಮುದ್ರೆಯ ತಾರೀಖನ್ನೇ ಬರೆಯಿರಿ.

ಕೆಲವು ಪಾಸ್‌ಗಳಲ್ಲಿ `>` ಇರುವುದೇ ಇಲ್ಲ, 60ನೇ ಅಕ್ಷರಕ್ಕೆ ಮುಗಿದು ಕೊನೆಗೆ `00` ಇರುತ್ತದೆ. ಅದರಿಂದ ವರ್ಷ ಹೊರಡಿಸಲಾಗದು, ಹೆಚ್ಚೆಂದರೆ ಅಧಿಕ ವರ್ಷ ಹೌದೋ ಅಲ್ಲವೋ ತಿಳಿದೀತು. ಆಗ ಪಾಸ್ ಮೇಲೆ 13 ಅಂಕಿಯ ಟಿಕೆಟ್ ನಂಬರ್ ಅಚ್ಚಾಗಿದೆಯೇ ನೋಡಿ. ಅದರ ಮೊದಲ ಮೂರು ಅಂಕಿ ಕಂಪನಿಯದ್ದು. ಆ ನಂಬರನ್ನು ನಿಮ್ಮ ಹಳೆಯ ಇಮೇಲ್‌ಗಳಲ್ಲಿ ಹುಡುಕಿ. ಮೂರು ಅಂಕಿಯ ನಂತರ ಒಂದು ಅಡ್ಡಗೆರೆ ಹಾಕಿಯೂ ಒಮ್ಮೆ, ಹಾಕದೆಯೂ ಒಮ್ಮೆ.