ಫೈರ್‌ವಾಲ್ ಆಫ್ ಮಾಡುವ ಮುನ್ನ ಟರ್ಮಿನಲ್ ನೋಡಿ

ಪ್ರಶ್ನೆ: ಲ್ಯಾಪ್‌ಟಾಪಿನಲ್ಲಿ `python -m http.server` ಕೊಟ್ಟು ಪೈಥಾನ್ ಸರ್ವರ್ ಶುರು ಮಾಡಿದ್ದೇನೆ, ಆದರೆ ಅದೇ ವೈಫೈನಲ್ಲಿರುವ ಫೋನಿನಲ್ಲಿ ಫೋಲ್ಡರ್ ತೆರೆಯುತ್ತಿಲ್ಲ. ವಿಂಡೋಸ್ ಫೈರ್‌ವಾಲ್ ಆಫ್ ಮಾಡಿದರೆ ಸಾಕೇ?

ಆಫ್ ಮಾಡಬೇಡಿ. ತಂಗಿಯ ಮದುವೆಯ ಸಂಜೆ, ಕಲ್ಯಾಣ ಮಂಟಪದ ವೈಫೈನಲ್ಲಿ ನೆಂಟರಿಗೆಲ್ಲ ಫೋಟೊ ಹಂಚಲು ಹೊರಟ ನಾನೂ ಮೊದಲು ಫೈರ್‌ವಾಲನ್ನೇ ಆಫ್ ಮಾಡಿದ್ದೆ. ಆದರೂ ಪುಟ ತೆರೆಯಲಿಲ್ಲ. ಪರದೆಯ ಮೇಲೆ ಕಂಡ `0.0.0.0` ಎಂಬುದನ್ನೇ ಎಲ್ಲರೂ ಫೋನಿನಲ್ಲಿ ಒತ್ತುತ್ತಿದ್ದರು. ಈ ಯಂತ್ರದ ಎಲ್ಲ ವಿಳಾಸಗಳಲ್ಲೂ ಕೇಳಿಸಿಕೊಳ್ಳುತ್ತಿದ್ದೇನೆ ಎಂದು ಸರ್ವರ್ ಹೇಳುವ ರೀತಿ ಅದು. ಹೊರಗಿನವರು ತಲುಪಬಹುದಾದ ವಿಳಾಸವಲ್ಲ. `ipconfig` ಕೊಟ್ಟಾಗ ಎರಡು ವಿಳಾಸಗಳು ಕಂಡವು. `192.168.56.1` ವರ್ಚುವಲ್‌ಬಾಕ್ಸಿನದು, ವೈಫೈ ಹೆಸರಿನಡಿ ಇದ್ದ `192.168.1.7` ಬೇಕಾದದ್ದು. `http://192.168.1.7:8000` ಎಂದು ಒತ್ತಿದೊಡನೆ ಪುಟ ತೆರೆಯಿತು.

ನಿಜವಾದ ಎಡವಟ್ಟು ಆದದ್ದು ಆಮೇಲೆ. ಈ ಸರ್ವರಿಗೆ ಯಾವ ಫೋಲ್ಡರ್ ಎಂದು ಹೇಳದಿದ್ದರೆ, ಆಜ್ಞೆ ಕೊಡುವಾಗ ಟರ್ಮಿನಲ್ ಯಾವ ಫೋಲ್ಡರಿನಲ್ಲಿ ನಿಂತಿರುತ್ತದೋ ಅದನ್ನೇ ಹಂಚುತ್ತದೆ. ನನ್ನ ಟರ್ಮಿನಲ್ ನಿಂತಿದ್ದದ್ದು ಬಳಕೆದಾರರ ಮೂಲ ಫೋಲ್ಡರಿನಲ್ಲಿ. ಅಂದರೆ ಮದುವೆಯ ಫೋಟೊಗಳ ಜೊತೆಗೆ ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಚುಕ್ಕಿಯಿಂದ ಶುರುವಾಗುವ ಕಡತಗಳು, ಎಲ್ಲವೂ ಪಟ್ಟಿಯಲ್ಲಿದ್ದವು. ಪಾಸ್‌ವರ್ಡ್ ಕೇಳುವ ಪದ್ಧತಿಯೇ ಇದಕ್ಕಿಲ್ಲ, ಮಂಟಪದ ವೈಫೈ ಅಡುಗೆಯವರಿಂದ ಹಿಡಿದು ಬೀಗರ ತನಕ ಎಲ್ಲರಿಗೂ ಗೊತ್ತಿತ್ತು. ಯಾರದೋ ಫೋನಿನಿಂದ ಬಂದ ಈ ಸಾಲು ಟರ್ಮಿನಲ್‌ನಲ್ಲಿ ಕಂಡಾಗ ಎದೆ ಧಸಕ್ಕೆಂದಿತು:

```
"GET /passwords.txt HTTP/1.1" 200 -
```

200 ಎಂದರೆ ಕಡತ ಸಿಕ್ಕಿತು, ಕಳಿಸಲು ಶುರುವೂ ಆಯಿತು ಎಂದರ್ಥ. ಆ ರಾತ್ರಿ ಬ್ಯಾಂಕಿನಿಂದ ಮೊದಲ್ಗೊಂಡು ಎಲ್ಲ ಪಾಸ್‌ವರ್ಡ್‌ಗಳನ್ನೂ ಬದಲಿಸುತ್ತ ಕುಳಿತೆ. ಈಗ ಫೋಲ್ಡರನ್ನೂ ವಿಳಾಸವನ್ನೂ ಬಾಯಿಬಿಟ್ಟು ಹೇಳದೆ ಸರ್ವರ್ ಶುರು ಮಾಡುವುದೇ ಇಲ್ಲ:

```
python -m http.server 8000 --directory "D:\maduve" --bind 192.168.1.7
```

ನಿಮ್ಮ ತೊಂದರೆಯನ್ನೂ ಆ ಟರ್ಮಿನಲ್ಲೇ ಹೇಳುತ್ತದೆ. ಫೋನಿನಲ್ಲಿ ಸರಿಯಾದ ವಿಳಾಸ ಒತ್ತಿದಾಗ GET ಸಾಲು ಮೂಡಿದರೆ ದಾರಿ ತೆರೆದಿದೆ. ಓದಲಾಗದ ಅಕ್ಷರಗಳೊಂದಿಗೆ 400 ಎಂದು ಬಂದರೆ ಬ್ರೌಸರ್ ತಾನಾಗಿಯೇ `https` ಹಾಕಿಕೊಂಡಿರುವ ಸಾಧ್ಯತೆ ಹೆಚ್ಚು; `http://` ಸೇರಿಸಿ ಪೂರ್ತಿ ಒತ್ತಿ. ಏನೂ ಮೂಡದಿದ್ದರೆ ಮಾತ್ರ ಫೈರ್‌ವಾಲ್ ಕಡೆ ತಿರುಗಿ. ಆಗಲೂ ಇಡೀ ಗೋಡೆ ಕೆಡವುವ ಅಗತ್ಯವಿಲ್ಲ: ಅನುಮತಿ ಪಡೆದ ಆ್ಯಪ್‌ಗಳ ಪಟ್ಟಿಯಲ್ಲಿ ಪೈಥಾನ್‌ಗೆ ಟಿಕ್ ಹಾಕಿದರೆ ಆಯಿತು. ವಿಂಡೋಸ್ ಆ ವೈಫೈಯನ್ನು ಸಾರ್ವಜನಿಕ ಎಂದು ಗುರುತಿಸಿದ್ದರೆ ಖಾಸಗಿ ಕಾಲಮ್ಮಿನ ಟಿಕ್ ಕೆಲಸಕ್ಕೆ ಬಾರದು. ಅದಾದ ಮೇಲೂ ಮೌನವೆಂದರೆ, ಸಾಧನಗಳು ಪರಸ್ಪರ ಮಾತಾಡದಂತೆ ರೌಟರೇ ತಡೆಯುತ್ತಿರಬಹುದು. ಆಗ ಒಂದು ಫೋನಿನ ಹಾಟ್‌ಸ್ಪಾಟಿಗೆ ಲ್ಯಾಪ್‌ಟಾಪನ್ನೂ ಉಳಿದ ಫೋನುಗಳನ್ನೂ ಸೇರಿಸಿ, `ipconfig` ತೋರಿಸುವ ಹೊಸ ವಿಳಾಸವನ್ನು ಆಜ್ಞೆಯ `--bind` ಮುಂದೆಯೂ ಫೋನಿನಲ್ಲೂ ಬಳಸಿ.

ಫೋಟೊಗಳಿಗೆ ಇಷ್ಟು ಸಾಕು. ಉದ್ದದ ವಿಡಿಯೊ ಅರ್ಧಕ್ಕೆ ಕಡಿದುಹೋದರೆ ಈ ಸರ್ವರ್ ನಿಂತಲ್ಲಿಂದ ಮುಂದುವರಿಸದೆ ಮತ್ತೆ ಮೊದಲಿನಿಂದ ಕಳಿಸುತ್ತದೆ, ಆದ್ದರಿಂದ ಅದಕ್ಕೆ ಪೆನ್‌ಡ್ರೈವೇ ಮೇಲು.